ಗಳಲೆ ರೋಗ: ಗಂಟೆಗಳಲ್ಲಿ ಕೊಲ್ಲುವ ಬೇನೆ, ವಾರಗಳ ಮೊದಲೇ ಬೇಕಾದ ಲಸಿಕೆ

ಗಳಲೆ ರೋಗ ಎಮ್ಮೆ ಮತ್ತು ದನಗಳ ರಕ್ತಕ್ಕೆ ಬ್ಯಾಕ್ಟೀರಿಯಾ ನುಗ್ಗಿ, ಒಂದೆರಡು ದಿನದೊಳಗೆ ಪ್ರಾಣ ತೆಗೆಯುವ ನಂಜುಜ್ವರ. ಗಂಟಲು ಊದಿಕೊಳ್ಳುವುದೇ ಎದ್ದು ಕಾಣುವ ಲಕ್ಷಣವಾದ್ದರಿಂದ ಇದನ್ನು ಗಂಟಲು ಬೇನೆ ಎಂದೂ ಕರೆಯುತ್ತಾರೆ. ಪಶುವೈದ್ಯರು ಬರೆಯುವ ಹೆಸರು ಹೆಮರಾಜಿಕ್ ಸೆಪ್ಟಿಸೀಮಿಯಾ. ಪಶು ಆಸ್ಪತ್ರೆಯ ಮಾತಿನಲ್ಲಿ ಬರೀ ಎಚ್.ಎಸ್. ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪಾಶ್ಚುರೆಲ್ಲಾ ಮಲ್ಟೊಸಿಡಾ. ಈ ಬ್ಯಾಕ್ಟೀರಿಯಾದಲ್ಲಿ ಹಲವು ಬಗೆಗಳಿವೆ. ಒಂದು ಬಗೆ ಕೋಳಿಗಳಲ್ಲಿ ಕಾಲರಾ ತರುತ್ತದೆ, ಇನ್ನೊಂದು ನಾಯಿ ಬೆಕ್ಕುಗಳ ಬಾಯಲ್ಲಿ ಸದ್ದಿಲ್ಲದೆ ಇರುತ್ತದೆ. ಏಷ್ಯಾದ ಎಮ್ಮೆಗಳನ್ನು ಕೊಲ್ಲುವುದು ಬಿ:2 ಎಂದು ಗುರುತಿಸುವ ಬಗೆ. ಆಫ್ರಿಕಾದಲ್ಲಿ ಮುಖ್ಯವಾಗಿ ಇ:2 ಎಂಬುದು ಅದೇ ಕೆಲಸ ಮಾಡುತ್ತದೆ.

ದನಕ್ಕೂ ಎಮ್ಮೆಗೂ ರೋಗ ಒಂದೇ ಆದರೂ ಅದರ ಏಟು ಒಂದೇ ಅಲ್ಲ. ಒಂದೇ ಕೊಟ್ಟಿಗೆಯಲ್ಲಿ ಹಸುವೂ ಎಮ್ಮೆಯೂ ಇದ್ದರೆ ಮೊದಲು ಮಲಗುವುದು ಹೆಚ್ಚಾಗಿ ಎಮ್ಮೆ, ಬೇಗ ಸಾಯುವುದೂ ಎಮ್ಮೆಯೇ. ರೋಗ ಆಗಾಗ ಕಾಣಿಸಿಕೊಳ್ಳುವ ಊರುಗಳಲ್ಲಿ ಆರು ತಿಂಗಳಿನಿಂದ ಎರಡು ವರ್ಷದೊಳಗಿನ ಕರು ಮತ್ತು ಮಣಕಗಳು ಹೆಚ್ಚು ಬಲಿಯಾಗುತ್ತವೆ. ಅದಕ್ಕಿಂತ ಎಳೆಯ ಕರುಗಳಿಗೆ ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಇರುತ್ತದೆ. ದೊಡ್ಡ ಎಮ್ಮೆಗಳಲ್ಲಿ ಕೆಲವು ಹಿಂದೆ ಎಂದೋ ಸಣ್ಣ ಪ್ರಮಾಣದ ಸೋಂಕು ತಗಲಿ, ರೋಗ ಬೀಳದೆಯೇ ನಿರೋಧಕ ಶಕ್ತಿ ಗಳಿಸಿಕೊಂಡಿರುತ್ತವೆ. ನಡುವಿನ ವಯಸ್ಸಿನವಕ್ಕೆ ಎರಡೂ ಇರುವುದಿಲ್ಲ. ರೋಗವೇ ಬಾರದ ಊರಿಗೆ ಮೊದಲ ಸಲ ಕಾಲಿಟ್ಟರೆ ಮಾತ್ರ ವಯಸ್ಸಿನ ಭೇದ ಉಳಿಯುವುದಿಲ್ಲ.

ರೋಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಹಿಂದೆ ಮಣ್ಣು, ಕೆರೆ, ಹಸಿಹುಲ್ಲು ಎಂದು ಉತ್ತರ ಕೊಡುತ್ತಿದ್ದರು. ಮಳೆ ಬಿದ್ದೊಡನೆ ರೋಗ ಏಳುವುದನ್ನು ಕಂಡವರಿಗೆ ಹಾಗೆ ಅನ್ನಿಸಿದ್ದು ಸಹಜ. ಆದರೆ ಈ ಬ್ಯಾಕ್ಟೀರಿಯಾ ಹೊರಗೆ ಬಹಳ ಕಾಲ ಬದುಕುವುದಿಲ್ಲ. ಒದ್ದೆ ಮಣ್ಣಿನಲ್ಲಿ, ನೀರಿನಲ್ಲಿ ಅದರ ಆಯುಸ್ಸು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಬಿಸಿಲಿಗೆ ಒಣಗಿದರೆ ಅದೂ ಇಲ್ಲ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಅದು ಉಳಿದುಕೊಳ್ಳುವುದು ಆರೋಗ್ಯವಾಗಿ ಕಾಣುವ ಎಮ್ಮೆಗಳ ಗಂಟಲಿನ ಟಾನ್ಸಿಲ್‌ಗಳಲ್ಲಿ. ಶ್ರೀಲಂಕಾದ ಪಶುವೈದ್ಯ ವಿಜ್ಞಾನಿ ಡಿ ಆಲ್ವಿಸ್ ಮತ್ತು ಅವರ ಸಂಗಡಿಗರು ಈ ವಾಹಕ ಸ್ಥಿತಿಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಹಿಂಡಿನಲ್ಲಿ ರೋಗ ಬಂದುಹೋದ ಮೇಲೆ ಬದುಕಿ ಉಳಿದ ಎಮ್ಮೆಗಳಲ್ಲಿ ಕೆಲವು ತಿಂಗಳುಗಟ್ಟಲೆ ಬ್ಯಾಕ್ಟೀರಿಯಾವನ್ನು ಟಾನ್ಸಿಲ್‌ನ ಮಡಿಕೆಗಳಲ್ಲಿ ಇಟ್ಟುಕೊಂಡಿರುತ್ತವೆ. ಅವು ಮೇಯುತ್ತವೆ, ಹಾಲು ಕೊಡುತ್ತವೆ, ಕೆಮ್ಮುವುದೂ ಇಲ್ಲ.

ಇಂಥ ವಾಹಕ ಎಮ್ಮೆ ದಣಿದಾಗ ಸಮತೋಲ ತಪ್ಪುತ್ತದೆ. ಬೇಸಿಗೆಯ ಕೊನೆಗೆ ಮೇವು ಮುಗಿದು ಎಲುಬು ಕಾಣುವಂತಾದ ದನಕರುಗಳ ಮೇಲೆ ಮೊದಲ ಮಳೆ ಸುರಿಯುತ್ತದೆ. ಉಳುಮೆಯ ಕೆಲಸವೂ ಅದೇ ಹೊತ್ತಿಗೆ ಬರುತ್ತದೆ. ಕೊಟ್ಟಿಗೆ ಒದ್ದೆಯಾಗಿ, ಎಲ್ಲವನ್ನೂ ಇಕ್ಕಟ್ಟಿನಲ್ಲಿ ಕಟ್ಟಬೇಕಾಗುತ್ತದೆ. ಆಗ ವಾಹಕದ ಮೂಗಿನ ಸಿಂಬಳ, ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ಹೊರಬೀಳತೊಡಗುತ್ತದೆ. ಪಕ್ಕದ ಎಮ್ಮೆಗೆ ಅದು ಉಸಿರಿನ ಮೂಲಕ ಇಲ್ಲವೇ ಒಂದೇ ಗೋದಲಿಯ ಮೇವು, ಒಂದೇ ತೊಟ್ಟಿಯ ನೀರಿನ ಮೂಲಕ ದಾಟುತ್ತದೆ. ತೇವದ ಹವೆಯಲ್ಲಿ ಬ್ಯಾಕ್ಟೀರಿಯಾ ಹೊರಗೆ ಸ್ವಲ್ಪ ಹೆಚ್ಚು ಹೊತ್ತು ಬದುಕುವುದರಿಂದ ಮಳೆಗಾಲ ಹರಡುವಿಕೆಗೆ ನೆರವಾಗುತ್ತದೆ. ಮಳೆ ರೋಗವನ್ನು ಹುಟ್ಟಿಸುವುದಿಲ್ಲ, ಇದ್ದ ರೋಗಕ್ಕೆ ದಾರಿ ಬಿಡುತ್ತದೆ ಅಷ್ಟೆ. ಹೀಗಾಗಿಯೇ ಕಡು ಬೇಸಿಗೆಯಲ್ಲಿಯೂ, ಚಳಿಗಾಲದಲ್ಲಿಯೂ ದೂರದ ಸಂತೆಯಿಂದ ಲಾರಿಯಲ್ಲಿ ನಿಂತು ಬಂದ ಎಮ್ಮೆಯ ಹಿಂದೆಯೇ ರೋಗ ಬಂದದ್ದುಂಟು.

ಹವೆಯೊಂದೇ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ಅತಿ ದೊಡ್ಡ ಉದಾಹರಣೆ ಸಿಗುವುದು ಎಮ್ಮೆಗಳಲ್ಲಲ್ಲ, ಕಜಾಕಿಸ್ತಾನದ ಹುಲ್ಲುಗಾವಲಿನಲ್ಲಿ. 2015ರ ಮೇ ತಿಂಗಳಲ್ಲಿ ಅಲ್ಲಿನ ಸೈಗಾ ಎಂಬ ಜಿಂಕೆಯಂಥ ಪ್ರಾಣಿಗಳು ಮೂರು ವಾರಗಳೊಳಗೆ ಎರಡು ಲಕ್ಷಕ್ಕೂ ಹೆಚ್ಚು ಸತ್ತವು. ಕಾರಣ ಇದೇ ಪಾಶ್ಚುರೆಲ್ಲಾದ ಬಿ ಬಗೆ. ಅದು ಹೊರಗಿನಿಂದ ಬಂದಿರಲಿಲ್ಲ, ಆ ಪ್ರಾಣಿಗಳ ಒಳಗೇ ಇದ್ದಿರಬೇಕು. ಆ ದಿನಗಳಲ್ಲಿ ಅಲ್ಲಿ ರೂಢಿಗಿಂತ ಹೆಚ್ಚಿದ್ದ ಬಿಸಿ ಮತ್ತು ತೇವ ಅದನ್ನು ಕೆರಳಿಸಿತು ಎಂಬುದು ಸಂಶೋಧಕರ ತೀರ್ಮಾನ.

ಎಮ್ಮೆಗೆ ಸೋಂಕು ತಗಲಿ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಐದು ದಿನ ಬೇಕು. ಕಾಣಿಸಿಕೊಂಡ ಮೇಲೆ ದಿನದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಿಡಿಯಬೇಕಾಗುತ್ತದೆ. ಧಾರವಾಡಿ ತಳಿಯ ನಾಲ್ಕು ಎಮ್ಮೆ, ಒಂದು ಮಣಕ ಇರುವ ಕೊಟ್ಟಿಗೆಯನ್ನು ಮಾದರಿಗೆ ಇಟ್ಟುಕೊಂಡರೆ ರೋಗದ ನಡೆ ಸ್ಪಷ್ಟವಾಗುತ್ತದೆ. ಜೂನ್ ಕೊನೆಯ ವಾರ, ನಾಲ್ಕು ದಿನದಿಂದ ಬಿಡದೆ ಮಳೆ. ಸಂಜೆ ಹಾಲು ಕರೆಯುವಾಗ ಒಂದು ಎಮ್ಮೆ ಎಂದಿನ ಅರ್ಧದಷ್ಟು ಹಾಲೂ ಕೊಡುವುದಿಲ್ಲ. ಹಿಂಡಿಗೆ ಬಾಯಿ ಹಾಕಿ ಬಿಟ್ಟುಬಿಡುತ್ತದೆ, ಮೆಲುಕು ನಿಂತಿರುತ್ತದೆ, ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತದೆ. ಕಿವಿ, ಮೈ ಮುಟ್ಟಿದರೆ ಸುಡುತ್ತದೆ. ಥರ್ಮಾಮೀಟರ್ ಇಟ್ಟರೆ 105 ಡಿಗ್ರಿ ಫ್ಯಾರನ್‌ಹೀಟ್, ಕೆಲವೊಮ್ಮೆ 106. ಆರೋಗ್ಯವಂತ ಎಮ್ಮೆಯ ಮೈಬಿಸಿ 101ರ ಆಸುಪಾಸಿನಲ್ಲಿರುತ್ತದೆ. ಗಂಟಲು ಇನ್ನೂ ಊದಿಲ್ಲ. ಹೆಚ್ಚಿನ ಮನೆಗಳಲ್ಲಿ ಈ ಹೊತ್ತು ‘ಮಳೆಗೆ ನೆಂದು ಜ್ವರ ಬಂದಿದೆ, ಬೆಳಿಗ್ಗೆ ನೋಡೋಣ’ ಎಂಬ ಮಾತಿನಲ್ಲಿ ಕಳೆದುಹೋಗುತ್ತದೆ. ಔಷಧಿಯಿಂದ ಎಮ್ಮೆ ಉಳಿಯುವುದಾದರೆ ಉಳಿಯಬಹುದಾದ ಹೊತ್ತು ಇದೊಂದೇ.

ನಡುರಾತ್ರಿಯ ಹೊತ್ತಿಗೆ ಎರಡನೆಯ ಹಂತ. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತದೆ, ಮೂಗಿನಿಂದ ಮೊದಲು ನೀರು, ಆಮೇಲೆ ಗಟ್ಟಿ ಸಿಂಬಳ. ದವಡೆಗಳ ನಡುವೆ ಗಂಟಲಿನ ಕೆಳಗೆ ಬಾವು ಏಳುತ್ತದೆ. ಅದು ಬಿಸಿಯಾಗಿರುತ್ತದೆ, ಮುಟ್ಟಿದರೆ ಎಮ್ಮೆ ನೋವಿನಿಂದ ತಲೆ ಎಳೆದುಕೊಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಬಾವಿನೊಳಗೆ ಕೀವಿರುವುದಿಲ್ಲ, ರಕ್ತನಾಳಗಳಿಂದ ಸೋರಿದ ತೆಳುಹಳದಿಯ ನೀರು ತುಂಬಿರುತ್ತದೆ. ಕೆಲವರು ಕೀವು ತೆಗೆಯುವ ಆಸೆಯಿಂದ ಅದಕ್ಕೆ ಬ್ಲೇಡು ಹಾಕುವುದು, ಕಾದ ಕಬ್ಬಿಣದಿಂದ ಬರೆ ಎಳೆಯುವುದು ಉಂಟು. ಅದರಿಂದ ಎಮ್ಮೆಗೆ ಇನ್ನೊಂದು ಗಾಯವಾಗುತ್ತದೆಯೇ ಹೊರತು ಬಾವು ಇಳಿಯುವುದಿಲ್ಲ.

ಬೆಳಗಿನ ಹೊತ್ತಿಗೆ ಊತ ಕೆನ್ನೆ, ಕಿವಿಯ ಬುಡ, ಕುತ್ತಿಗೆ ದಾಟಿ ಮುಂಗಾಲುಗಳ ನಡುವಿನ ಎದೆಗೆ ಇಳಿದಿರುತ್ತದೆ. ಶ್ವಾಸದ ದಾರಿ ಹೊರಗಿನಿಂದ ಒತ್ತಿಹೋಗಿ ಉಸಿರು ಗೊರಗೊರ ಸದ್ದು ಮಾಡುತ್ತದೆ. ಎಮ್ಮೆ ಕತ್ತು ಮುಂದೆ ಚಾಚಿ, ಬಾಯಿ ತೆರೆದು, ಊದಿದ ನಾಲಿಗೆ ಹೊರಹಾಕಿ ನಿಲ್ಲುತ್ತದೆ. ಮೂರನೆಯ ಹಂತ ನೆಲ ಹಿಡಿಯುವುದು. ಮಲಗಿದ ಎಮ್ಮೆ ಏಳುವುದು ಅಪರೂಪ. ಮೈಬಿಸಿ ಸಹಜ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ, ಮುಂದೆ ಸಾವು. ಜ್ವರದ ಮೊದಲ ಗುರುತಿನಿಂದ ಇಲ್ಲಿಯವರೆಗೆ ಒಂದು ದಿನ ಹಿಡಿಯಬಹುದು, ಮೂರು ದಿನವೂ ಆಗಬಹುದು. ಅದೇ ಕೊಟ್ಟಿಗೆಯ ಮಣಕ ಈ ಹಂತಗಳಲ್ಲಿ ಒಂದನ್ನೂ ತೋರಿಸದೆ ರಾತ್ರಿ ಮಲಗಿದ್ದು ಬೆಳಿಗ್ಗೆ ಸತ್ತು ಬಿದ್ದಿರಲೂಬಹುದು. ಗಂಟಲು ಊದದೆಯೇ ಸತ್ತಿತೆಂದು ಗಳಲೆ ರೋಗವಲ್ಲ ಎನ್ನುವಂತಿಲ್ಲ.

ಇಷ್ಟು ವೇಗಕ್ಕೆ ಕಾರಣ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷ. ಟಾನ್ಸಿಲ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೆಲವೇ ಗಂಟೆಗಳಲ್ಲಿ ಲೆಕ್ಕ ಮೀರಿ ಹೆಚ್ಚುತ್ತದೆ. ಅವುಗಳ ಪೊರೆಯ ವಿಷ ಸಣ್ಣ ರಕ್ತನಾಳಗಳ ಗೋಡೆಯನ್ನು ಹಾಳುಮಾಡುವುದರಿಂದ ರಕ್ತದ ನೀರು ಹೊರಗೆ ಸೋರಿ ಬಾವಾಗುತ್ತದೆ, ಒಳಗಿನ ಅಂಗಗಳ ಮೇಲೆ ರಕ್ತದ ಚುಕ್ಕೆಗಳು ಮೂಡುತ್ತವೆ, ಕೊನೆಗೆ ರಕ್ತದೊತ್ತಡ ಕುಸಿಯುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಗಳಿಗೆ ಕೊರತೆಯಿಲ್ಲ: ಸಲ್ಫಾಡಿಮಿಡಿನ್, ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಮೊದಲಾದವನ್ನು ಪಶುವೈದ್ಯರು ನರಕ್ಕೋ ಸ್ನಾಯುವಿಗೋ ಕೊಡುತ್ತಾರೆ, ಜೊತೆಗೆ ಜ್ವರ ಮತ್ತು ಊತ ಇಳಿಸುವ ಔಷಧಿಯೂ ಇರುತ್ತದೆ. ಆದರೆ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಆಗಲೇ ರಕ್ತದಲ್ಲಿರುವ ವಿಷ ಹೋಗುವುದಿಲ್ಲ. ಆದ್ದರಿಂದ ಬರೀ ಜ್ವರವಿರುವಾಗ ಕೊಟ್ಟ ಅದೇ ಚುಚ್ಚುಮದ್ದು ಎಮ್ಮೆಯನ್ನು ಉಳಿಸುತ್ತದೆ, ಉಸಿರು ಗೊರಗೊರ ಎನ್ನತೊಡಗಿದ ಮೇಲೆ ಕೊಟ್ಟದ್ದು ಬಹುಪಾಲು ವ್ಯರ್ಥವಾಗುತ್ತದೆ. ಲಕ್ಷಣಗಳು ಪೂರ್ತಿ ಕಾಣಿಸಿಕೊಂಡ ಎಮ್ಮೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ನೂರರ ಹತ್ತಿರ.

ಗಂಟಲೂತ ಕಂಡದ್ದೆಲ್ಲ ಗಳಲೆ ರೋಗವಲ್ಲ. ಹಾವು ಮೂತಿಗೋ ಗಂಟಲಿಗೋ ಕಚ್ಚಿದರೂ ಹೀಗೆಯೇ ಊದುತ್ತದೆ, ಆದರೆ ಆಗ ಮೊದಲು ಬರುವುದು ಊತ. ಇಷ್ಟು ಎತ್ತರದ ಜ್ವರ ಮುಂಚೆ ಬಂದಿರುವುದಿಲ್ಲ. ಚಪ್ಪೆ ರೋಗದಲ್ಲಿ ಊತ ತೊಡೆ, ಭುಜದ ಸ್ನಾಯುವಿನಲ್ಲಿ ಏಳುತ್ತದೆ, ಒಳಗೆ ಗಾಳಿ ತುಂಬಿರುವುದರಿಂದ ಒತ್ತಿದರೆ ಚರಚರ ಸದ್ದು ಬರುತ್ತದೆ; ಗಳಲೆಯ ಬಾವಿನಲ್ಲಿ ಸದ್ದಿಲ್ಲ, ಕುಳಿ ಮಾತ್ರ ಬೀಳುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ ವಿಚಾರದಲ್ಲಿ. ಅದರಲ್ಲಿಯೂ ದನ ದಿಢೀರನೆ ಸಾಯುತ್ತದೆ, ಕೆಲವೊಮ್ಮೆ ಗಂಟಲೂ ಊದುತ್ತದೆ. ಸತ್ತ ಎಮ್ಮೆಯ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಯಾರೂ ಆ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಗಾಳಿ ತಾಗಿದ ಆಂಥ್ರಾಕ್ಸ್ ಬ್ಯಾಕ್ಟೀರಿಯಾ ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ಅನುಮಾನವಿದ್ದಲ್ಲಿ ಮೊದಲು ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಆಂಥ್ರಾಕ್ಸ್ ಅಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪಶುವೈದ್ಯರು ಮುಂದಿನ ಪರೀಕ್ಷೆಗೆ ಹೋಗುತ್ತಾರೆ.

ಗಳಲೆಯ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಲ್ಲಿ ಗುರುತು ಸಿಗುವ ರೀತಿಯೇ ಬೇರೆ. ಬಣ್ಣ ಹಾಕಿದಾಗ ಅದರ ಎರಡು ತುದಿಗಳು ಗಾಢವಾಗಿ, ನಡುವೆ ತಿಳಿಯಾಗಿ ಕಾಣುತ್ತದೆ. ಆದರೆ ಜ್ವರದ ಮೊದಲ ಗಂಟೆಗಳಲ್ಲಿ ತೆಗೆದ ರಕ್ತದಲ್ಲಿ ಅದು ಸಿಗದೆಯೂ ಇರಬಹುದು, ಏಕೆಂದರೆ ರಕ್ತ ತುಂಬ ಬ್ಯಾಕ್ಟೀರಿಯಾ ಬರುವುದು ರೋಗದ ಕೊನೆಯ ಘಟ್ಟದಲ್ಲಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಚಿಕಿತ್ಸೆ ನಿಲ್ಲಿಸುವುದು ತಪ್ಪಾಗುವುದು ಇದಕ್ಕೇ. ಸತ್ತು ಹೊತ್ತಾದ ಎಮ್ಮೆಯಾದರೆ ರಕ್ತ ಕೆಟ್ಟುಹೋಗಿರುತ್ತದೆ. ಆಗ ಕಾಲಿನ ಉದ್ದನೆಯ ಮೂಳೆಯೊಂದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮೂಳೆಯೊಳಗಿನ ಮಜ್ಜೆ ತಡವಾಗಿ ಕೊಳೆಯುವುದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ.

ಮಾದರಿಯ ಕೊಟ್ಟಿಗೆಗೆ ಹಿಂತಿರುಗಿದರೆ, ಒಂದು ಎಮ್ಮೆ ಸತ್ತ ಮೇಲೆ ಉಳಿದವನ್ನು ಕಾಯುವ ಸಾಧನ ಒಂದು ಥರ್ಮಾಮೀಟರ್. ಉಳಿದ ಪ್ರತಿ ಎಮ್ಮೆಯ ಮೈಬಿಸಿಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡುತ್ತ ಹೋಗಬೇಕು. ಸೋಂಕು ಮೂರರಿಂದ ಐದು ದಿನ ಒಳಗೇ ಇರುವುದರಿಂದ ಕನಿಷ್ಠ ಒಂದು ವಾರ ಇದು ನಡೆಯಬೇಕು. ಯಾವುದರ ಬಿಸಿ 103 ದಾಟಿತೋ ಅದು ಚೆನ್ನಾಗಿ ಮೇಯುತ್ತಿದ್ದರೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ರಾಜ್ಯದಲ್ಲಿ 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ಕಾಯಿಲೆ ಬಿದ್ದದ್ದನ್ನು ಬೇರೆ ಕಡೆ ಕಟ್ಟಿ, ಅದರ ನೀರಿನ ಬಕೆಟ್ಟನ್ನೂ ಬೇರೆ ಮಾಡಬೇಕು. ಸತ್ತದ್ದನ್ನು ಹಳ್ಳಕ್ಕೋ ಕೆರೆಯ ಅಂಚಿಗೋ ಎಳೆದು ಹಾಕದೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಈ ಹೊತ್ತಿನಲ್ಲಿ ಊರಿಗೆ ಲಸಿಕೆ ಬರುತ್ತದೆ, ಎಲ್ಲ ಎಮ್ಮೆಗಳಿಗೂ ಹಾಕಿಸುತ್ತಾರೆ. ಮರುದಿನ ಒಂದು ಎಮ್ಮೆ ಸತ್ತರೆ ಲಸಿಕೆಯಿಂದಲೇ ಸತ್ತಿತು ಎಂಬ ಮಾತು ಹಬ್ಬುತ್ತದೆ. ಮುಂದಿನ ವರ್ಷ ಅರ್ಧ ಊರು ಲಸಿಕೆ ಬೇಡ ಎನ್ನುತ್ತದೆ. ವಾಸ್ತವವಾಗಿ ಆ ಎಮ್ಮೆಗೆ ಸೋಂಕು ಮೊದಲೇ ತಗಲಿರುತ್ತದೆ. ಲಸಿಕೆಯಲ್ಲಿರುವುದು ಕೊಂದ ಬ್ಯಾಕ್ಟೀರಿಯಾ, ಅದು ರೋಗ ತರಲಾರದು. ಚುಚ್ಚಿದ ಜಾಗದಲ್ಲಿ ಗಂಟು, ಒಂದೆರಡು ದಿನ ಹಗುರ ಜ್ವರ, ಹಾಲು ಸ್ವಲ್ಪ ಇಳಿಯುವುದು ಇವು ಸಾಮಾನ್ಯ. ಚುಚ್ಚಿದ ಕೆಲವೇ ಹೊತ್ತಿನಲ್ಲಿ ಅಲರ್ಜಿಯಿಂದ ಎಮ್ಮೆ ಕುಸಿಯುವುದು ಅಪರೂಪಕ್ಕೆ ಉಂಟು, ಅದಕ್ಕಾಗಿ ಲಸಿಕೆ ಹಾಕುವವರು ಔಷಧಿ ಜೊತೆಗಿಟ್ಟುಕೊಂಡಿರುತ್ತಾರೆ.

ಲಸಿಕೆ ಚುಚ್ಚಿದ ಗಳಿಗೆಯಿಂದಲೇ ರಕ್ಷಣೆ ಶುರುವಾಗುವುದಿಲ್ಲ. ಎಮ್ಮೆಯ ಮೈಯಲ್ಲಿ ಸಾಕಷ್ಟು ಪ್ರತಿಕಾಯಗಳು ತಯಾರಾಗಲು ಎರಡರಿಂದ ಮೂರು ವಾರ ಬೇಕು. ಆ ರಕ್ಷಣೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಲಸಿಕೆಯ ತಯಾರಿಕೆಯನ್ನು ಅವಲಂಬಿಸಿದೆ. ಆಲಂ ಅಥವಾ ಅಲ್ಯೂಮಿನಿಯಂ ಜೆಲ್ ಬೆರೆಸಿದ ಲಸಿಕೆ ನಾಲ್ಕರಿಂದ ಆರು ತಿಂಗಳು ಕಾಯುತ್ತದೆ. ಎಣ್ಣೆಯಲ್ಲಿ ಕಲಸಿದ ಲಸಿಕೆ ಒಂಬತ್ತರಿಂದ ಹನ್ನೆರಡು ತಿಂಗಳು ಕಾಯುತ್ತದೆ, ಆದರೆ ಅದು ಮಂದವಾಗಿರುವುದರಿಂದ ಸಿರಿಂಜಿಗೆ ಸುಲಭವಾಗಿ ಏರುವುದಿಲ್ಲ, ಸ್ನಾಯುವಿನ ಆಳಕ್ಕೆ ಚುಚ್ಚಬೇಕು, ಕೆಲವೊಮ್ಮೆ ದೊಡ್ಡ ಗಂಟು ಬಿಡುತ್ತದೆ. ಮನೆ ಮನೆಗೆ ಓಡಾಡಿ ದಿನಕ್ಕೆ ನೂರಾರು ಎಮ್ಮೆಗೆ ಚುಚ್ಚುವ ಸಿಬ್ಬಂದಿಗೆ ತೆಳುವಾದ ಆಲಂ ಲಸಿಕೆಯೇ ಹಿತ. ಭಾರತದಲ್ಲಿ ಎರಡಕ್ಕೂ ಬಹುಕಾಲದಿಂದ ಬಳಕೆಯಲ್ಲಿರುವುದು ಪಿ-52 ಎಂಬ ಬ್ಯಾಕ್ಟೀರಿಯಾ ತಳಿ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಗಳಲೆ ರೋಗದ ಲಸಿಕೆಯನ್ನು ತಯಾರಿಸುತ್ತದೆ.

ಈ ಎರಡು ಅವಧಿಗಳನ್ನು ಮುಂಗಾರಿನ ಪಂಚಾಂಗದ ಪಕ್ಕ ಇಟ್ಟರೆ ಲಸಿಕೆಯ ದಿನ ತಾನಾಗಿಯೇ ಗೊತ್ತಾಗುತ್ತದೆ. ಮುಂಗಾರು ರಾಜ್ಯದ ಕರಾವಳಿಗೆ ಸಾಮಾನ್ಯವಾಗಿ ಜೂನ್ ಮೊದಲ ವಾರ ಬರುತ್ತದೆ, ಒಳನಾಡಿಗೆ ಅದರ ಹಿಂದೆಯೇ. ಮೂರು ವಾರ ಹಿಂದಕ್ಕೆ ಎಣಿಸಿದರೆ ಮೇ ನಡುವಿನೊಳಗೆ ಪ್ರತಿ ಎಮ್ಮೆಗೂ ಲಸಿಕೆ ಬಿದ್ದಿರಬೇಕು. ಮೇ 10ಕ್ಕೆ ಆಲಂ ಲಸಿಕೆ ಹಾಕಿಸಿಕೊಂಡ ಎಮ್ಮೆಗೆ ಜೂನ್ ಆರಂಭಕ್ಕೆ ರಕ್ಷಣೆ ಬಂದಿರುತ್ತದೆ, ಸೆಪ್ಟೆಂಬರ್‌ವರೆಗೆ ಖಂಡಿತ, ಅದೃಷ್ಟವಿದ್ದರೆ ನವೆಂಬರ್‌ವರೆಗೂ ಇರುತ್ತದೆ. ಅದೇ ಲಸಿಕೆಯನ್ನು ಜನವರಿಯ ಶಿಬಿರದಲ್ಲಿ ಹಾಕಿಸಿದ್ದರೆ ಅದರ ಬಲ ಮೇ ತಿಂಗಳಿಂದ ಇಳಿಯತೊಡಗಿ, ರೋಗ ಏಳುವ ಜೂನ್ ಜುಲೈ ಹೊತ್ತಿಗೆ ಮುಗಿದಿರುತ್ತದೆ. ವರ್ಷಕ್ಕೊಮ್ಮೆ ಹಾಕಿಸಿದ್ದೇವೆ ಎಂಬ ಸಮಾಧಾನ ಮನೆಯವರಿಗೆ ಇರುತ್ತದೆ, ಎಮ್ಮೆಗೆ ಮಾತ್ರ ರಕ್ಷಣೆ ಇರುವುದಿಲ್ಲ. ಜೂನ್ 20ಕ್ಕೆ ಹಾಕಿಸಿದವರದ್ದು ಇನ್ನೊಂದು ಬಗೆಯ ತಪ್ಪು: ಮೊದಲ ಮಳೆಯ ಅತಿ ಅಪಾಯದ ಮೂರು ನಾಲ್ಕು ವಾರ ಎಮ್ಮೆ ಬರಿಮೈಯಲ್ಲಿ ನಿಂತಿರುತ್ತದೆ. ಪ್ರತಿ ವರ್ಷ ರೋಗ ಬರುವ ಊರುಗಳಲ್ಲಿ, ಹಿಂಗಾರು ಮಳೆಯೂ ಚೆನ್ನಾಗಿ ಬೀಳುವ ಕಡೆ, ಆಲಂ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಕೊಡುವುದು ಸರಿಯಾದ ಕ್ರಮ.

ಕರುಗಳಿಗೆ ಮೊದಲ ಲಸಿಕೆ ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ. ಅದಕ್ಕೂ ಮೊದಲೇ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಲಸಿಕೆಯನ್ನು ಮಂಕಾಗಿಸುತ್ತವೆ. ಮೊದಲ ಲಸಿಕೆಯಿಂದ ಬರುವ ರಕ್ಷಣೆ ದುರ್ಬಲ, ಆದ್ದರಿಂದ ಮೂರರಿಂದ ಆರು ತಿಂಗಳೊಳಗೆ ಇನ್ನೊಂದು ಸಲ ಹಾಕಿಸಿ, ಆಮೇಲೆ ದೊಡ್ಡ ಎಮ್ಮೆಗಳ ಜೊತೆ ಸೇರಿಸಬೇಕು. ಮೇ ತಿಂಗಳಲ್ಲಿ ಎರಡು ತಿಂಗಳಿದ್ದ ಕರುವನ್ನು ಚಿಕ್ಕದೆಂದು ಬಿಟ್ಟು ಮುಂದಿನ ಮೇವರೆಗೆ ಮರೆಯುವುದು ಸಾಮಾನ್ಯವಾಗಿ ನಡೆಯುತ್ತದೆ. ಅತಿ ಹೆಚ್ಚು ಸಾಯುವ ವಯಸ್ಸನ್ನು ಆ ಕರು ಲಸಿಕೆಯಿಲ್ಲದೆ ದಾಟಬೇಕಾಗುತ್ತದೆ. ಜ್ವರವಿರುವ, ತೀರ ಬಡಕಲಾದ ಎಮ್ಮೆಗೆ ಲಸಿಕೆಯನ್ನು ಮುಂದೂಡುತ್ತಾರೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಾಕಬೇಕೇ ಎಂಬುದನ್ನು ಊರಿನ ಅಪಾಯ ನೋಡಿ ಪಶುವೈದ್ಯರು ತೀರ್ಮಾನಿಸುತ್ತಾರೆ. ಲಸಿಕೆಯ ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಿಸಿಲಲ್ಲಿ ಇಟ್ಟರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದರೂ ಅಷ್ಟೇ ಕೆಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಸರಿಯಾದ ಕಾಲದಲ್ಲಿ, ಒಂದೂ ಬಿಡದಂತೆ ಲಸಿಕೆ ಹಾಕಿದರೆ ಏನಾಗಬಹುದು ಎಂಬುದನ್ನು ಇಂಡೋನೇಷ್ಯಾದ ಲೊಂಬೊಕ್ ದ್ವೀಪ ತೋರಿಸಿದೆ. ಅಲ್ಲಿ ದನ ಎಮ್ಮೆಗಳಿಗೆಲ್ಲ ಸತತ ಮೂರು ವರ್ಷ ಎಣ್ಣೆ ಲಸಿಕೆ ಹಾಕಲಾಯಿತು, ಹೊರಗಿನ ದನ ಬಾರದಂತೆ ತಡೆಯಲಾಯಿತು. 1980ರ ದಶಕದಲ್ಲಿ ದ್ವೀಪ ಗಳಲೆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಸುತ್ತ ಸಮುದ್ರವಿದ್ದದ್ದು ಅವರ ಅನುಕೂಲ. ಬೆಳಗಾವಿ, ವಿಜಯಪುರದಂಥ ಗಡಿ ಜಿಲ್ಲೆಗಳಲ್ಲಿ ಎಮ್ಮೆಗಳು ವಾರದ ಸಂತೆಯಿಂದ ಸಂತೆಗೆ, ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತಲೇ ಇರುವಾಗ ಒಂದು ಊರು ಮಾತ್ರ ರೋಗಮುಕ್ತವಾಗಿ ಉಳಿಯುವುದು ಕಷ್ಟ. ಇಲ್ಲಿ ಸಾಧ್ಯವಿರುವ ತಡೆ ಮನೆಯ ಮಟ್ಟದ್ದು: ಸಂತೆಯಿಂದ ತಂದ ಎಮ್ಮೆಯನ್ನು ಮೂರು ವಾರ ಬೇರೆ ಕಟ್ಟಿ, ಬಂದ ದಣಿವು ಆರಿದ ಮೇಲೆ ಲಸಿಕೆ ಹಾಕಿಸಿ, ನಂತರ ಹಿಂಡಿಗೆ ಸೇರಿಸುವುದು. ಹಾಗೆ ಮಾಡಿದರೂ ಅದು ವಾಹಕವಲ್ಲವೆಂದು ಹೇಳಲಾಗದು, ಏಕೆಂದರೆ ಟಾನ್ಸಿಲ್‌ನಲ್ಲಿ ಅಡಗಿರುವ ಬ್ಯಾಕ್ಟೀರಿಯಾವನ್ನು ಲಸಿಕೆ ಹೊರಹಾಕುವುದಿಲ್ಲ. ಆದ್ದರಿಂದ ಹೊಸ ಎಮ್ಮೆ ಬರುವುದಕ್ಕೆ ಮೂರು ವಾರ ಮೊದಲೇ ಮನೆಯ ಹಳೆಯ ಎಮ್ಮೆಗಳ ಲಸಿಕೆಯ ಅವಧಿ ಮುಗಿದಿಲ್ಲವೆಂಬುದನ್ನು ನೋಡಿಕೊಳ್ಳಬೇಕು.